ಹೆನ್ಲೆ ಕುಣಿಕೆ ಉಪ್ಪು ಕೂಡಿಡುತ್ತದೆ, ಮೂತ್ರ ಗಟ್ಟಿಯಾಗುವುದು ಆಮೇಲೆ

ಪ್ರಶ್ನೆ: ಹೆನ್ಲೆ ಕುಣಿಕೆ ಮೂತ್ರವನ್ನು ಗಟ್ಟಿ ಮಾಡುತ್ತೆ ಅಂತ ಓದಿದೆ. ಆದರೆ ಕುಣಿಕೆ ದಾಟಿ ಬರುವ ದ್ರವ ರಕ್ತಕ್ಕಿಂತ ತೆಳು ಅಂತಲೂ ಅದೇ ಪುಸ್ತಕದಲ್ಲಿದೆ. ಎರಡೂ ಹೇಗೆ ಸರಿ?

ವಿರಾಜಪೇಟೆಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಎರಡನೆಯ ಮಾತೇ ಸರಿ. ಕುಣಿಕೆ ಅಂದರೆ ಕಿಡ್ನಿಯಲ್ಲಿ ಮೂತ್ರ ತಯಾರಾಗುವ ಸಣ್ಣ ನಾಳದ U ಆಕಾರದ ತಿರುವು. ಅದು ಮಾಡುವುದು ಕಿಡ್ನಿಯ ಒಳಭಾಗವಾದ ಮೆಡುಲ್ಲಾದಲ್ಲಿ ಉಪ್ಪು ಕೂಡಿಡುವ ಕೆಲಸ.

ಕುಣಿಕೆಯ ಇಳಿಯುವ ಕಾಲಿನ ಗೋಡೆ ನೀರನ್ನು ಹೊರಗೆ ಬಿಡುತ್ತದೆ. ಏರುವ ಕಾಲು ನೀರನ್ನು ಬಿಡುವುದೇ ಇಲ್ಲ. ಅದರ ದಪ್ಪ ಭಾಗ ಉಪ್ಪನ್ನು ಮಾತ್ರ ಹೊರಗೆ ತಳ್ಳುತ್ತದೆ. ಆದರೆ ಈ ಪಂಪಿನ ಶಕ್ತಿಗೆ ಮಿತಿ ಇದೆ: ಒಳಗೂ ಹೊರಗೂ ಲೀಟರಿಗೆ ಸುಮಾರು 200 ಮಿಲಿಆಸ್ಮೋಲ್ ವ್ಯತ್ಯಾಸ, ಅಷ್ಟೇ. ದ್ರವದಲ್ಲಿ ಎಷ್ಟು ಕಣ ಕರಗಿದೆ, ಅಂದರೆ ಅದು ಎಷ್ಟು ಗಟ್ಟಿ ಅನ್ನುವುದರ ಅಳತೆ ಇದು.

ಮೊದಲು ಎಲ್ಲ ಕಡೆ ರಕ್ತದಷ್ಟೇ, ಅಂದರೆ 300 ಇದೆ ಅಂದುಕೊಳ್ಳಿ. ಪಂಪ್ ನಡೆದಾಗ ಏರುವ ಕಾಲಿನೊಳಗೆ 200, ಹೊರಗೆ 400 ಆಗುತ್ತದೆ. ಇಳಿಯುವ ಕಾಲು ನೀರು ಬಿಟ್ಟು ತಾನೂ 400 ಆಗುತ್ತದೆ. ಅಷ್ಟರಲ್ಲಿ ಮೇಲಿಂದ ಹೊಸ ದ್ರವ ಬಂದು, ಆ 400ನ್ನು ತಿರುವು ದಾಟಿಸಿ ಏರುವ ಕಾಲಿನ ಬುಡಕ್ಕೆ ನೂಕುತ್ತದೆ. ಅಲ್ಲಿ ಪಂಪ್ ಮತ್ತೆ ಅದೇ 200 ವ್ಯತ್ಯಾಸ ಮಾಡುತ್ತದೆ. ಈ ಸಲ ಶುರುವಾಗಿದ್ದೇ 400ರಿಂದ, ಹಾಗಾಗಿ ಒಳಗೆ 300, ಹೊರಗೆ 500! ಎರಡು ಕಾಲುಗಳಲ್ಲಿ ಹರಿವು ಎದುರುಬದುರು ಇರುವುದರಿಂದಲೇ ಇದು ಸಾಧ್ಯ. ಹೀಗೆ ಕೂಡುತ್ತಾ ಕೂಡುತ್ತಾ ತುದಿಯಲ್ಲಿ 1200ರ ತನಕ ಹೋಗುತ್ತದೆ. ತೀರಾ ಆಳದಲ್ಲಿ ಇದರ ಅರ್ಧದಷ್ಟು ಯೂರಿಯಾದ ಪಾಲು, ಅದನ್ನು ಮರೆಯಬೇಡಿ.

ಉಪ್ಪು ಕಳೆದುಕೊಂಡ ದ್ರವ ಮೇಲೆ ಬರುವಾಗ ಸುಮಾರು 100ಕ್ಕೆ ಇಳಿದಿರುತ್ತದೆ. ನಿಮ್ಮ ಪುಸ್ತಕ ಹೇಳುವ ತೆಳು ದ್ರವ ಇದೇ. ಆಮೇಲೆ ಅದು ಸಂಗ್ರಹ ನಾಳದಲ್ಲಿ ಅದೇ ಉಪ್ಪಿನ ಪ್ರದೇಶದ ಮೂಲಕ ಮತ್ತೆ ಕೆಳಗಿಳಿಯಬೇಕು. ಆಗ ದೇಹದ ನೀರು ಉಳಿಸುವ ಎಡಿಎಚ್ ಹಾರ್ಮೋನ್ ಇದ್ದರೆ ನಾಳದ ಗೋಡೆಯಲ್ಲಿ ನೀರಿನ ದಾರಿಗಳು ತೆರೆಯುತ್ತವೆ, ಸುತ್ತಲಿನ ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ. ಮೂತ್ರ ಗಟ್ಟಿಯಾಗುವುದು ಇಲ್ಲಿ.

ಜನವರಿ ಬಿಸಿಲಲ್ಲಿ ಕಾಫಿ ಕೊಯ್ಯುವವರು ಸರಿಯಾಗಿ ನೀರು ಕುಡಿಯದಿದ್ದರೆ ಮಧ್ಯಾಹ್ನದ ಹೊತ್ತಿಗೆ ಮೂತ್ರ ಕಡು ಹಳದಿ ಆಗಿರುತ್ತದೆ, ಅಲ್ವಾ? ದಿನಕ್ಕೆ ಸುಮಾರು 600 ಮಿಲಿಆಸ್ಮೋಲ್ ಕಸ ಹೊರಗೆ ಹೋಗಲೇಬೇಕು. 1200ರಷ್ಟು ಗಟ್ಟಿ ಮಾಡಿದರೆ ಅರ್ಧ ಲೀಟರ್ ನೀರು ಸಾಕು. 300ರಲ್ಲೇ ನಿಂತರೆ ಎರಡು ಲೀಟರ್ ಬೇಕು. ಜುಲೈ ಮಳೆಯಲ್ಲಿ ಬೆವರು ಕಡಿಮೆ, ಎಡಿಎಚ್ಚೂ ಕಡಿಮೆ. ಒಳಗೆ ಉಪ್ಪು ಇದ್ದರೂ ದಾರಿ ಮುಚ್ಚಿರುವುದರಿಂದ ಮೂತ್ರ ಜಾಸ್ತಿ, ತೆಳುವಾಗಿ ಹೋಗುತ್ತದೆ.

ಪಂಪನ್ನೇ ನಿಲ್ಲಿಸಿದರೆ? ಹೃದಯದ ತೊಂದರೆ ಇರುವ ಹಿರಿಯರಿಗೆ ಕೊಡುವ ಫ್ಯೂರೋಸೆಮೈಡ್ ಮಾಡುವುದು ಇದನ್ನೇ. ಅದು ದಪ್ಪ ಭಾಗದ ಪಂಪಿಗೆ ಅಡ್ಡ ಬರುತ್ತದೆ. ಉಪ್ಪಿನ ರಾಶಿ ಕರಗುತ್ತದೆ, ದ್ರವ 100ಕ್ಕೆ ಇಳಿಯುವುದೂ ಇಲ್ಲ. ಎಡಿಎಚ್ ಎಷ್ಟೇ ಇದ್ದರೂ ಎಳೆಯುವ ಶಕ್ತಿ ಇರದೆ, ಮೂತ್ರ ರಕ್ತದಷ್ಟೇ ಗಟ್ಟಿ, ಅಂದರೆ 300ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಲ್ಯಾಬ್‌ ರಿಪೋರ್ಟಿನಲ್ಲಿ ಮೂತ್ರದ ಗಟ್ಟಿತನ ತೋರಿಸುವ ಸ್ಪೆಸಿಫಿಕ್ ಗ್ರಾವಿಟಿ 1.010ರ ಹತ್ತಿರ ಕಾಣುವುದು ಆಗಲೇ.