ನೀರಿನ ದರ ಮತ್ತು ರಾತ್ರಿಯ ಟ್ಯಾಂಕು

ಓದುಗರ ಪತ್ರ: ಊರಿಗೆಲ್ಲ ನೀರು ಕೊಡೋದು ಒಂದೇ ಸಂಸ್ಥೆ. ಬೇಡ ಅಂದ್ರೆ ಬೇರೆ ಕಡೆ ಹೋಗೋ ಹಾಗಿಲ್ಲ. ಖರ್ಚು ಎಷ್ಟೋ ಅಷ್ಟೇ ದರ ಅಂತ ಸರ್ಕಾರ ಕಟ್ಟುನಿಟ್ಟಾಗಿ ಹೇಳಿದ್ರೆ ಆಗಲ್ವಾ?
– ಓದುಗರೊಬ್ಬರು, ಮಡಿಕೇರಿ

ಸಂಪಾದಕರ ಉತ್ತರ: ನಿಮ್ಮ ಊರಿನ ಏರುತಗ್ಗನ್ನೇ ನೋಡಿ. ಕೆಳಗಿನಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಏರಿಸಬೇಕು, ಅಲ್ಲಿಂದ ಬೀದಿ ಬೀದಿಗೆ ಪೈಪು ಎಳೆಯಬೇಕು. ದುಡ್ಡು ಹೋಗುವುದೇ ಇದಕ್ಕೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಸುಮ್ನೆ ಉದಾಹರಣೆಗೆ, ಯಾವ ಊರಿನವೂ ಅಲ್ಲ. ಪೈಪು, ಪಂಪು, ಸಾಲದ ಕಂತು, ಸಂಬಳ ಎಲ್ಲ ಸೇರಿ ವರ್ಷಕ್ಕೆ 90 ಲಕ್ಷ ರೂಪಾಯಿ. ನೀರು ಎಷ್ಟೇ ಹರಿಯಲಿ, ಇದು ಕಡಿಮೆಯಾಗುವುದಿಲ್ಲ. ಕರೆಂಟಿಗೆ, ಕ್ಲೋರಿನ್‌ಗೆ ಸಾವಿರ ಲೀಟರಿಗೆ 5 ರೂಪಾಯಿ. ಊರು ವರ್ಷಕ್ಕೆ 6 ಲಕ್ಷ ಕಿಲೋಲೀಟರ್ ಬಳಸಿದರೆ ಸಾವಿರ ಲೀಟರಿಗೆ 15 ಮತ್ತು 5, ಒಟ್ಟು 20 ರೂಪಾಯಿ. ಇದೇ ಸರಾಸರಿ ವೆಚ್ಚ. ಇನ್ನೊಂದು ಕಂಪನಿ ಬಂದು ಅದೇ ಬೀದಿಗಳನ್ನು ಅಗೆದು ಅರ್ಧ ಮನೆಗಳನ್ನು ಹಿಡಿದರೆ ಇಬ್ಬರಿಗೂ ತಲಾ 90 ಲಕ್ಷದ ಖರ್ಚು, ಮಾರುವ ನೀರು ಮಾತ್ರ ಅರ್ಧ. ಸಾವಿರ ಲೀಟರಿಗೆ ಇಬ್ಬರಿಗೂ 35 ರೂಪಾಯಿ ಬೀಳುತ್ತದೆ. ಹಾಗಾಗಿ ಒಬ್ಬರೇ ಕೊಡುವುದು ಅಗ್ಗ. ಸಹಜ ಏಕಸ್ವಾಮ್ಯ ಅನ್ನುವುದು ಇದನ್ನೇ.

ಹಾಗಾದರೆ 20 ಅಂತ ಬರೆದುಬಿಟ್ಟರೆ ಮುಗೀತಲ್ವಾ? ಇಲ್ಲ. ಇಷ್ಟು ದಿನ 10 ರೂಪಾಯಿ ಕೊಡುತ್ತಿದ್ದವರಿಗೆ ಒಮ್ಮೆಗೇ 20 ಅಂದರೆ ಬಾವಿ ಇರುವ ಮನೆಯವರು ಬಾವಿಗೆ ತಿರುಗುತ್ತಾರೆ. ಮಳೆಗಾಲದಲ್ಲಿ ಕೊಡಗಿನ ಬಾವಿಗಳು ತುಂಬಿಕೊಂಡೇ ಇರುತ್ತವೆ. ಬಳಕೆ 4.5 ಲಕ್ಷಕ್ಕೆ ಇಳಿದರೆ ಅದೇ 90 ಲಕ್ಷವನ್ನು ಕಡಿಮೆ ನೀರಿನ ಮೇಲೆ ಹಂಚಬೇಕು. ಸರಾಸರಿ 25 ಆಯಿತು. 25 ಮಾಡಿದರೆ ಬಳಕೆ ಇನ್ನಷ್ಟು ಇಳಿಯುತ್ತದೆ. ಬಾವಿಯಿಲ್ಲದ ಬಾಡಿಗೆ ಮನೆಯವರ ತಲೆ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಇದು ನನಗೆ ಬಹಳ ನೋವಿನ ವಿಷಯ.

ಇದಕ್ಕಿಂತ ದೊಡ್ಡ ತೊಡಕು ಆ 90 ಲಕ್ಷದ್ದು. ಆ ಲೆಕ್ಕ ಬರೆಯುವುದು ನೀರು ಕೊಡುವ ಸಂಸ್ಥೆಯೇ. ಖರ್ಚು ಮಾಡಿದ್ದೆಲ್ಲ ದರದಲ್ಲಿ ವಾಪಸ್ ಬರುತ್ತದೆ ಅಂತ ಗೊತ್ತಿದ್ದರೆ ಉಳಿಸುವುದು ಯಾಕೆ? ಹೂಡಿದ ಬಂಡವಾಳಕ್ಕೆ ತಕ್ಕಂತೆ ಲಾಭ ಮಾಡಿಕೊಳ್ಳಲು ಬಿಟ್ಟರೆ ಕಂಪನಿಗಳು ಬೇಕಾದ್ದಕ್ಕಿಂತ ಜಾಸ್ತಿ ಬಂಡವಾಳ ಹೂಡುತ್ತವೆ ಎಂದು ಅರ್ಥಶಾಸ್ತ್ರಜ್ಞರಾದ ಅವೆರ್ಚ್ ಮತ್ತು ಜಾನ್ಸನ್ 1962ರಲ್ಲೇ ತೋರಿಸಿದ್ದರು. ಸೋರುವ ಜಾಯಿಂಟ್ ಬಿಗಿ ಮಾಡುವ ಬದಲು ದೊಡ್ಡ ಪಂಪು ಕೊಳ್ಳುವುದು ಲಾಭವಾಗುತ್ತದೆ. ಸೋರಿಹೋದ ನೀರು ಏರಿಸಿದ ಕರೆಂಟೂ ನಿಮ್ಮ ಬಿಲ್ಲಿಗೇ ಬರುತ್ತದೆ.

ಇದನ್ನು ತಪ್ಪಿಸಲು ಇಂಗ್ಲೆಂಡಿನಲ್ಲಿ ನೀರಿನ ಕಂಪನಿಗಳ ಮೇಲೆ ಕಣ್ಣಿಡುವ ಆಫ್‌ವಾಟ್ ಎಂಬ ಸಂಸ್ಥೆ ಐದೈದು ವರ್ಷಕ್ಕೆ ದರಕ್ಕೆ ಮಿತಿ ಹಾಕುತ್ತದೆ. ಅದರೊಳಗೆ ಉಳಿಸಿದ್ದರಲ್ಲಿ ಕಂಪನಿಗೂ ಪಾಲು ಸಿಗುತ್ತದೆ. ಆದರೆ ಆಗ ರಿಪೇರಿ ಮುಂದೂಡಿ ಉಳಿತಾಯ ತೋರಿಸುವ ಆಸೆ ಹುಟ್ಟುತ್ತದೆ.

ಸೋರಿಕೆ ಹಿಡಿಯಲು ಒಂದು ದಾರಿ ಇದೆ. ರಾತ್ರಿ ಎರಡರಿಂದ ನಾಲ್ಕರವರೆಗೆ ಊರು ಮಲಗಿರುತ್ತದೆ. ಪಂಪು ನಿಲ್ಲಿಸಿ ಟ್ಯಾಂಕಿನ ಮಟ್ಟ ಅಳೆದರೆ, ಇಳಿದದ್ದರಲ್ಲಿ ಹೆಚ್ಚಿನದು ಸೋರಿಕೆ. ಏಪ್ರಿಲ್ ಬಿಸಿಲಲ್ಲೂ ರಸ್ತೆ ಬದಿ ಒಂದೇ ಕಡೆ ಪಾಚಿ ಹಸಿರಾಗಿದ್ದರೆ ಅದರ ಕೆಳಗೆ ಹುಡುಕಬೇಕು. ದರ ಏರಿಸುವ ಪ್ರಸ್ತಾಪ ಬಂದಾಗ ಖರ್ಚಿನ ಪಟ್ಟಿಯ ಜೊತೆಗೆ ಆ ರಾತ್ರಿಯ ಅಳತೆಯನ್ನೂ ಕೇಳಿ.