ಆ ‘ಓಂ ಶಾಂತಿ’ ಅಳಿಸಿದಿರಿ, ಆಮೇಲೆ?

“ನಾನು ದೇವರನಾಮ ಹಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ. ಕೇಳುವವರಲ್ಲಿ ವಯಸ್ಸಾದವರೇ ಜಾಸ್ತಿ. ‘ಅಮ್ಮ ಹೋಗಿ ಹದಿನೈದು ದಿನ ಆಯ್ತು, ಅಡುಗೆ ಮಾಡ್ತಾ ಇದೇ ಹಾಡು ಹೇಳ್ತಿದ್ರು’, ‘ಮಗನಿಗೆ ನಾಳೆ ಆಪರೇಷನ್, ಪ್ರಾರ್ಥನೆ ಮಾಡಿ’ ಅಂತೆಲ್ಲ ಕೆಳಗೆ ಬರೆಯುತ್ತಾರೆ. ದಿನಕ್ಕೆ ಏಳೆಂಟು ಇಂಥವೇ ಇರುತ್ತವೆ. ಏನು ಬರೆಯಬೇಕೋ ತೋಚುವುದಿಲ್ಲ. ನಮ್ಮನೆಯವರು ‘ಊರವರ ದುಃಖ ನಿನಗ್ಯಾಕೆ’ ಅಂತಾರೆ. ಚಾನೆಲ್ ನೋಡಿಕೊಳ್ಳುವ ಅಣ್ಣನ ಮಗ ಎಲ್ಲದಕ್ಕೂ ಕೈಮುಗಿಯುವ ಎಮೋಜಿ ಹಾಕಿ ‘ಧನ್ಯವಾದ, ನೋಡ್ತಾ ಇರಿ’ ಅಂತ ಅಂಟಿಸುತ್ತಾನೆ. ಹೋದ ತಿಂಗಳು, ಐಸಿಯುನಲ್ಲಿರುವ ಅಮ್ಮನಿಗೆ ಪ್ರಾರ್ಥಿಸಿ ಅಂದವರಿಗೆ ‘ಓಂ ಶಾಂತಿ’ ಅಂತ ಹಾಕಿಬಿಟ್ಟಿದ್ದ, ಮಾರನೇ ದಿನ ಅಳಿಸಿದೆವು ಬಿಡಿ. ಎಲ್ಲರಿಗೂ ಉತ್ತರ ಬರೆಯಲೇಬೇಕಾ?”
— ಹಾಡುವವಳು, ಸಾಗರ

ಬಿಡಿ ಅಂದಿರಲ್ಲ, ಅಲ್ಲೇ ನನಗೆ ಓದು ನಿಂತುಹೋಯಿತು. ಬಿಡೋಕಾಗಲ್ಲ.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಒಬ್ಬ ಮಗಳೋ ಮಗನೋ ಕೂತಿದ್ದಾರೆ ಅಂದುಕೊಳ್ಳಿ. ಒಳಗೆ ಅಮ್ಮ ಇದ್ದಾರೆ. ಫೋನ್ ಟಣ್ ಅಂದಿತು, ನೀವು ಉತ್ತರ ಕೊಟ್ಟಿದ್ದೀರಿ ಅಂತ ಆಸೆಯಿಂದ ತೆಗೆದರೆ, ಜೀವ ಇರುವ ತಾಯಿಗೆ ‘ಓಂ ಶಾಂತಿ’! ನೀವು ಅಳಿಸಿದ್ದು ಮಾರನೇ ದಿನ. ಅಷ್ಟೊತ್ತಿಗೆ ಅವರು ಅದನ್ನು ಹತ್ತು ಸಲ ಓದಿರಬಹುದು. ಆಮೇಲೆ ಅದು ಕಾಣದೇ ಹೋದಾಗ ಇನ್ನೇನು ಅಂದುಕೊಂಡರೋ. ನಿಮ್ಮ ಪುಟದಿಂದ ಹೋಯಿತು ಅಷ್ಟೇ, ಅವರ ಮನಸ್ಸಿಂದ ಹೋಗಿರುತ್ತಾ?

ಆ ಹುಡುಗ ಕೆಟ್ಟವನಲ್ಲ ಅಂತೀರಿ, ಇರಲಿ. ‘ಅಮ್ಮ’, ‘ಪ್ರಾರ್ಥನೆ’ ಅನ್ನುವ ಎರಡು ಪದ ಕಣ್ಣಿಗೆ ಬಿದ್ದ ಕೂಡಲೇ ಬೆರಳು ಓಡಿದೆ. ನಿಮ್ಮನೆಯವರ ಮಾತಿನ ಮೇಲೂ ನನಗೆ ಅಷ್ಟು ಸಿಟ್ಟಿಲ್ಲ, ಅವರಿಗೆ ನಿಮ್ಮ ಗಂಟಲಿನ ಚಿಂತೆ ಇರಬಹುದು. ಆದರೆ ಈ ‘ನೋಡ್ತಾ ಇರಿ’ ಇದೆಯಲ್ಲ, ಇದು ನನಗೆ ಸಹಿಸಲಾಗದ ವಿಷಯ. ಸಾವಾದ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರಾದರೂ ‘ಬರ್ತೀನಿ’ ಅಂತಾರಾ? ಸುಮ್ನೆ ಎದ್ದು ಹೋಗುತ್ತಾರೆ. ಅಷ್ಟು ಸೂಕ್ಷ್ಮ ಗೊತ್ತಿರುವ ಜನ ನಾವು. ಅಮ್ಮನನ್ನು ಕಳಕೊಂಡವರಿಗೆ ‘ಮತ್ತೆ ಮತ್ತೆ ಬನ್ನಿ’ ಅನ್ನುವ ಅರ್ಥದ ಸಾಲು ಅಂಟಿಸುತ್ತೇವೆ ಅಂದರೆ!

ಹಾಗಾಗಿ ಮೊದಲ ಕೆಲಸ, ಇವತ್ತೇ. ಯೂಟ್ಯೂಬ್ ಸ್ಟುಡಿಯೊದ ಕಾಮೆಂಟ್ ವಿಭಾಗದಲ್ಲಿ ‘ಐಸಿಯು’ ಅಂತ ಹುಡುಕಿ. ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ಹಾಗೇ ಟೈಪ್ ಮಾಡಿ ಹುಡುಕಿ. ಅವರು ಬರೆದದ್ದು ಅಲ್ಲೇ ಇರುತ್ತದೆ, ಅಳಿಸಿದ್ದು ನಿಮ್ಮ ಉತ್ತರವನ್ನು ತಾನೇ. ಅದರ ಕೆಳಗೆ ಹೀಗೆ ಬರೆಯಿರಿ: “ನೀವು ಅಮ್ಮನಿಗಾಗಿ ಪ್ರಾರ್ಥಿಸಿ ಅಂದಾಗ ನಮ್ಮ ಕಡೆಯಿಂದ ತಪ್ಪು ಉತ್ತರ ಬಂದಿತ್ತು. ಸರಿಯಾಗಿ ಓದದೆ ಹಾಕಿದ್ದು. ನಿಮಗೆ ನೋವಾಗಿರುತ್ತದೆ, ಕ್ಷಮಿಸಿ. ಅಮ್ಮನ ವಿಷಯ ಹೇಳಬೇಕು ಅನ್ನಿಸಿದರೆ ಬರೆಯಿರಿ, ನಾನೇ ಓದುತ್ತೇನೆ.”

‘ಅಮ್ಮ ಹುಷಾರಾದ್ರಾ?’ ಅಂತ ಮಾತ್ರ ಕೇಳಬೇಡಿ. ಒಂದು ತಿಂಗಳಾಗಿದೆ, ಏನಾಗಿದೆಯೋ ಗೊತ್ತಿಲ್ಲ. ನಾನು ಬರೆದುಕೊಟ್ಟ ಸಾಲು ಎರಡಕ್ಕೂ ಹೊಂದುತ್ತದೆ, ಅಮ್ಮ ಮನೆಗೆ ಬಂದಿದ್ದರೂ ಸರಿ, ಇಲ್ಲವಾಗಿದ್ದರೂ ಸರಿ. ಹುಡುಗ ಹಾಕಿದ್ದು ಅಂತ ಅವನ ಮೇಲೆ ಹೊರಿಸಲೂಬೇಡಿ. ಅವರಿಗೆ ಕಂಡದ್ದು ನಿಮ್ಮ ಹೆಸರು.

ಇನ್ನು ದಿನದ ಏಳೆಂಟು. ಇದಕ್ಕೆ ನನ್ನ ಹಳೇ ಹಟ ಒಂದೇ, ಅವರು ಬರೆದದ್ದರಲ್ಲಿ ಒಂದು ಚೂರನ್ನು ಎತ್ತಿಕೊಳ್ಳಿ. ‘ಅಡುಗೆ ಮಾಡ್ತಾ ಇದೇ ಹಾಡು ಹೇಳ್ತಿದ್ರು’ ಅಂದವರಿಗೆ ನೀವು ಬರೆಯಬೇಕಾದ್ದು ಆತ್ಮ, ಸದ್ಗತಿ ಅಂತ ಅಲ್ಲ. “ಅಡುಗೆಮನೆಯಲ್ಲಿ ಅಮ್ಮ ಹಾಡುತ್ತಿದ್ದದ್ದನ್ನು ಓದಿ ಮನಸ್ಸು ತುಂಬಿ ಬಂತು. ಇನ್ನು ಈ ಹಾಡು ಹಾಡುವಾಗ ಅವರ ನೆನಪಾಗುತ್ತದೆ.” ಮುಗಿಯಿತು. ಆ ಅಡುಗೆಮನೆ ಅನ್ನುವ ಪದ ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ, ಇವರು ಓದಿದ್ದಾರೆ ಅಂತ. ಅವರು ಏನೂ ವಿವರ ಕೊಡದೆ ‘ಅಪ್ಪ ಹೋದ್ರು’ ಅಂತ ಎರಡೇ ಪದ ಬರೆದಿದ್ದರೆ ನೀವೂ ಎರಡೇ ಸಾಲು ಬರೆಯಿರಿ. ಹೇಗಾಯ್ತು, ವಯಸ್ಸೆಷ್ಟು ಅಂತ ಕೆದಕಬೇಡಿ. ಎಪ್ಪತ್ತೆಂಟು ಅಂತ ಅವರೇ ಹೇಳಿದರೂ ‘ತುಂಬು ಜೀವನ ಬಿಡಿ’ ಅನ್ನಬೇಡಿ, ಅದನ್ನು ಹೇಳುವ ಹಕ್ಕು ಮಕ್ಕಳದ್ದು, ನಮ್ಮದಲ್ಲ. ದೇವರ ಹೆಸರಿನಲ್ಲೂ ಅವರ ದಾರಿಯಲ್ಲೇ ಹೋಗಿ. ಶಿವೈಕ್ಯರಾದರು ಅಂತ ಬರೆದವರಿಗೆ ವೈಕುಂಠ ಯಾಕೆ, ದುವಾ ಮಾಡಿ ಅಂದವರಿಗೆ ‘ಖಂಡಿತ ದುವಾ ಮಾಡ್ತೀನಿ’ ಅಂದರೆ ನಿಮ್ಮ ದೇವರೇನೂ ಮುನಿಸಿಕೊಳ್ಳುವುದಿಲ್ಲ.

ಪ್ರಾರ್ಥನೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಾಡದಿದ್ದರೆ ಮಾಡ್ತೀನಿ ಅನ್ನಬೇಡಿ. ಸಂಜೆ ದೀಪ ಹಚ್ಚುತ್ತೀರಲ್ವಾ? ದೇವರಮನೆಯಲ್ಲಿ ಒಂದು ಹಳೇ ನೋಟ್‌ಬುಕ್ ಇಡಿ, ಅವತ್ತಿನ ಹೆಸರು ಬರೆದುಕೊಳ್ಳಿ, ಒಂದು ಸಲ ಓದಿ ಕೈಮುಗಿಯಿರಿ. ಎರಡು ನಿಮಿಷದ ಕೆಲಸ. ಆಮೇಲೆ “ಇವತ್ತು ದೀಪ ಹಚ್ಚುವಾಗ ನಿಮ್ಮ ಮಗನನ್ನು ನೆನೆಸಿಕೊಂಡೆ” ಅಂತ ಬರೆದರೆ ಅದು ನಿಜವಾಗಿರುತ್ತದೆ. ‘ಏನೂ ಆಗಲ್ಲ, ಖಂಡಿತ ಹುಷಾರಾಗ್ತಾರೆ’ ಅಂತ ಬರೆಯಬೇಡಿ. ಡಾಕ್ಟರೇ ಹೇಳದ್ದನ್ನು ನಾವು ಹೇಳಿ, ನಾಳೆ ಹಾಗಾಗದಿದ್ದರೆ ನಿಮ್ಮ ಹಾಡು ಕೇಳೋಕೂ ಅವರಿಗೆ ಕಷ್ಟ. ಈ ಹರಕೆ ಹೊತ್ತುಕೊಳ್ಳಿ, ಆ ಕಷಾಯ ಕುಡಿಸಿ ಅನ್ನುವುದೂ ಬೇಡ.

ಎಲ್ಲರಿಗೂ ಬರೆಯಲೇಬೇಕಾ? ಬೇಡ. ದಿನಕ್ಕೆ ಮೂರು ಬರೆಯಿರಿ, ಆದರೆ ಓದಿ ಬರೆಯಿರಿ. ಉಳಿದವು ನಾಳೆಗಿರಲಿ. ಸಾವಿನ ಸುದ್ದಿಗೆ ಒಂದು ವಾರ ತಡವಾಗಿ ಬಂದ ಮಾತೂ ಮಾತೇ, ನೆಂಟರೆಲ್ಲ ಹೋಗಿ ಮನೆ ಖಾಲಿಯಾದ ಮೇಲೇ ಅದು ಜಾಸ್ತಿ ಬೇಕಾಗುವುದು. ನಾಳೆ ಆಪರೇಷನ್ ಅಂದವರಿಗೆ ಮಾತ್ರ ಅವತ್ತೇ ಬರೆಯಿರಿ.

ಅದಕ್ಕಿಂತ ಮೊದಲು ನೋಡಬೇಕಾದ್ದು ಒಂದಿದೆ. ‘ಅವರಿಲ್ಲದೆ ನನಗೂ ಬದುಕು ಬೇಡ ಅನ್ನಿಸಿದೆ’ ಅನ್ನುವ ಧಾಟಿ ಕಂಡರೆ ಕಾಯಬೇಡಿ. ಓದಿದೆ, ನೀವು ಹೇಳಿದ್ದು ಒಳ್ಳೇದಾಯ್ತು, ಈಗಲೇ ಮನೆಯಲ್ಲಿ ಯಾರನ್ನಾದರೂ ಪಕ್ಕಕ್ಕೆ ಕರೆಯಿರಿ ಅಂತ ಬರೆದು, ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಕೊಡಿ. ಅದು ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಮಾಧಾನ ಮಾಡಿ ಸರಿಪಡಿಸುವ ಭಾರ ನೀವೊಬ್ಬರೇ ಹೊರಬೇಡಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ. ದುಃಖದ ಕಾಮೆಂಟಿನ ಕೆಳಗೆ ನಿಮ್ಮದೇ ಫೋಟೊ, ನಿಮ್ಮದೇ ಹೆಸರು ಹಾಕಿಕೊಂಡ ಕಳ್ಳರು ‘ಶಾಂತಿ ಪೂಜೆ ಮಾಡಿಸುತ್ತೇನೆ, ವಾಟ್ಸಾಪ್ ಮಾಡಿ’ ಅಂತ ನಂಬರ್ ಹಾಕುವುದುಂಟು. ಹ್ಯಾಂಡಲ್‌ನಲ್ಲಿ ಒಂದಕ್ಷರ ಆಚೀಚೆ ಇರುತ್ತದೆ, ಅಳುತ್ತಾ ಓದುವವರಿಗೆ ಅದು ಎಲ್ಲಿ ಕಾಣಬೇಕು. ವಾರಕ್ಕೊಮ್ಮೆ ಹಳೇ ವಿಡಿಯೊಗಳ ಉತ್ತರಗಳನ್ನೂ ಬಿಡಿಸಿ ನೋಡಿ, ಕಂಡರೆ ರಿಪೋರ್ಟ್ ಮಾಡಿ, ಆ ಖಾತೆಯನ್ನು ಚಾನೆಲ್‌ನಿಂದ ಮರೆಮಾಡಿ. ಯಾರಾದರೂ ತಮ್ಮದೇ ಫೋನ್ ನಂಬರ್ ಬರೆದಿದ್ದರೆ ಅದನ್ನು ತೆಗೆಯಲು ಹೇಳಿ. ಈ ಕೆಲಸ ಬೇಕಿದ್ದರೆ ಅಣ್ಣನ ಮಗನಿಗೆ ಕೊಡಿ, ಅವನು ಇದರಲ್ಲಿ ಚುರುಕಾಗಿರುತ್ತಾನೆ. ಎಡಿಟಿಂಗೂ ಅವನೇ ಮಾಡಲಿ. ಉತ್ತರ ಬರೆಯುವುದು ಮಾತ್ರ ಇನ್ನು ನೀವೇ.

ಆ ಐಸಿಯು ಅಮ್ಮನ ಮನೆಯಿಂದ ಏನಾದರೂ ಬಂದರೆ ನನಗೂ ಒಂದು ಸಾಲು ತಿಳಿಸಿ.