ಎಂಟೂ ದೀಪ ಉರಿದರೂ ಕೇಬಲ್ ಸರಿಯಿಲ್ಲದಿರಬಹುದು: ನೆಟ್‌ವರ್ಕ್ ತಜ್ಞರ ಉತ್ತರ

ಪ್ರಶ್ನೆ: ನಾನೇ ಕ್ರಿಂಪ್ ಮಾಡಿದ 30 ಮೀಟರ್ ಕೇಬಲ್ ಅನ್ನು ಟೆಸ್ಟರ್‌ಗೆ ಹಾಕಿದರೆ ಒಂದರಿಂದ ಎಂಟರವರೆಗೆ ದೀಪಗಳು ಕ್ರಮವಾಗಿ ಉರಿಯುತ್ತವೆ. ಸ್ವಿಚ್‌ಗೆ ಹಾಕಿದರೆ ಮಾತ್ರ ಗಿಗಾಬಿಟ್ ಬರುವುದಿಲ್ಲ, ದೊಡ್ಡ ಫೈಲ್ ಕಳಿಸಿದರೆ ತಡವರಿಸುತ್ತದೆ. ಎರಡೂ ತುದಿಯಲ್ಲಿ ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಒಂದೇ ಕ್ರಮದಲ್ಲಿ ಇಟ್ಟಿದ್ದೇನೆ. ಎರಡೂ ಕಡೆ ಒಂದೇ ಇದ್ದರೆ ಸಾಕು ಎಂದು ಗೊತ್ತಿದ್ದವರೇ ಹೇಳಿದ್ದರು. ಸ್ವಿಚ್ ಬದಲಾಯಿಸಬೇಕೇ?

ಉತ್ತರ: ಬೇಡ. ನಿಮಗೆ ಹಾಗೆ ಹೇಳಿದವರಿಗೆ ವಿಷಯದ ಅರ್ಧ ಮಾತ್ರ ಗೊತ್ತಿತ್ತು, ಮತ್ತು ಆ ಅರ್ಧವೇ ನನ್ನ ಬಳಿ ತಿಂಗಳಿಗೆ ಹತ್ತಾರು ಪ್ರಶ್ನೆಗಳಾಗಿ ಮರಳಿ ಬರುತ್ತದೆ.

ಕೇಬಲ್‌ನೊಳಗಿನ ಎಂಟು ತಂತಿಗಳನ್ನು ನಾಲ್ಕು ಜೋಡಿಗಳಾಗಿ ಹುರಿ ಮಾಡಿರುವುದು ಅಲಂಕಾರಕ್ಕಲ್ಲ. ಒಂದು ಸಂಕೇತವನ್ನು ಜೋಡಿಯ ಎರಡು ತಂತಿಗಳ ಮೇಲೆ ಒಂದಕ್ಕೊಂದು ವಿರುದ್ಧವಾಗಿ ಕಳಿಸಲಾಗುತ್ತದೆ, ಮತ್ತು ಸ್ವೀಕರಿಸುವ ಕಡೆಯವನು ಆ ಎರಡರ ವ್ಯತ್ಯಾಸವನ್ನಷ್ಟೇ ಓದುತ್ತಾನೆ. ಹೊರಗಿನಿಂದ ಬರುವ ಗದ್ದಲ, ಹುರಿಗೊಂಡ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುವುದರಿಂದ, ವ್ಯತ್ಯಾಸ ತೆಗೆಯುವಾಗ ಅದು ತಾನಾಗಿಯೇ ಕಳೆದುಹೋಗುತ್ತದೆ. ನೆರೆಯ ಜೋಡಿಯ ಸಂಕೇತವೂ ಈ ಲೆಕ್ಕದಲ್ಲಿ ಗದ್ದಲವೇ. ಆದ್ದರಿಂದಲೇ ನಾಲ್ಕು ಜೋಡಿಗಳ ಹುರಿಯ ಬಿಗಿತವನ್ನು ಬೇರೆ ಬೇರೆ ಇಟ್ಟಿರುತ್ತಾರೆ.

ಪ್ಲಗ್‌ನಲ್ಲಿ ಯಾವ ಪಿನ್‌ಗೆ ಯಾವ ಪಿನ್ ಜೊತೆ ಎಂಬುದನ್ನು ಈಥರ್‌ನೆಟ್ ಮೊದಲೇ ನಿರ್ಧರಿಸಿದೆ. 1 ಮತ್ತು 2 ಒಂದು ಜೋಡಿ, 3 ಮತ್ತು 6 ಒಂದು ಜೋಡಿ, 4 ಮತ್ತು 5 ಒಂದು ಜೋಡಿ, 7 ಮತ್ತು 8 ಒಂದು ಜೋಡಿ. 3 ಮತ್ತು 6 ದೂರದೂರ ಕುಳಿತಿರುವುದು ವಿಚಿತ್ರವಾಗಿ ಕಾಣುವುದು ಸಹಜ. ನಡುವಿನ ಎರಡು ಪಿನ್‌ಗಳಲ್ಲಿ ಒಂದು ದೂರವಾಣಿ ಲೈನ್, ಅದರ ಎರಡು ಬದಿಗೆ ಇನ್ನೊಂದು ಎಂಬ ಹಳೆಯ ವ್ಯವಸ್ಥೆಗೆ ಹೊಂದಿಕೊಳ್ಳಲು ಹಾಗೆ ಉಳಿಸಿಕೊಂಡರು. ಅದಕ್ಕಾಗಿಯೇ ಟಿ568ಬಿ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ಎರಡು ತಂತಿಗಳು ನೀಲಿ ಜೋಡಿಯನ್ನು ಎರಡೂ ಬದಿಯಿಂದ ಅಪ್ಪಿಕೊಂಡಿವೆ.

ಈಗ ನಿಮ್ಮ ಕೇಬಲ್ ನೋಡೋಣ. ಜೋಡಿಗಳನ್ನು ಸಾಲಾಗಿ ಇಟ್ಟಿದ್ದರಿಂದ 3ರಲ್ಲಿ ಬಿಳಿ-ಹಸಿರು, 4ರಲ್ಲಿ ಹಸಿರು, 5ರಲ್ಲಿ ಬಿಳಿ-ನೀಲಿ, 6ರಲ್ಲಿ ನೀಲಿ ಬಂದಿವೆ. ಹಾಗಾಗಿ 3-6ರ ಸಂಕೇತದ ಒಂದು ಕಾಲು ಹಸಿರು ಹುರಿಯಲ್ಲಿ, ಇನ್ನೊಂದು ಕಾಲು ನೀಲಿ ಹುರಿಯಲ್ಲಿದೆ. 4-5ರದ್ದೂ ಅದೇ ಪಾಡು. ಎರಡು ಸಂಕೇತಗಳು 30 ಮೀಟರ್ ಉದ್ದಕ್ಕೂ ಒಂದನ್ನೊಂದು ಹುರಿಯಲ್ಲಿ ಸುತ್ತಿಕೊಂಡು, ಪರಸ್ಪರ ಕೆಡಿಸುತ್ತಾ ಸಾಗುತ್ತವೆ. ಇದಕ್ಕೆ ಸ್ಪ್ಲಿಟ್ ಪೇರ್ ಎನ್ನುತ್ತಾರೆ. ಒಂದು ಮೀಟರ್ ಕೇಬಲ್‌ನಲ್ಲಿ ಇದೇ ತಪ್ಪು ಮಾಡಿದರೆ ಅನೇಕ ಸಲ ಏನೂ ಗೊತ್ತಾಗುವುದೇ ಇಲ್ಲ. "ನಾನು ಯಾವಾಗಲೂ ಹೀಗೇ ಮಾಡುವುದು, ಎಂದೂ ತೊಂದರೆಯಾಗಿಲ್ಲ" ಎನ್ನುವ ಪಂಡಿತರು ಹುಟ್ಟಿಕೊಳ್ಳುವುದು ಅಲ್ಲಿಂದಲೇ.

ಟೆಸ್ಟರ್ ಏಕೆ ಸುಳ್ಳು ಹೇಳಿತು ಎಂದು ಕೇಳುವಿರಿ. ಅದು ಸುಳ್ಳು ಹೇಳಲಿಲ್ಲ, ನೀವು ಕೇಳಿದ ಪ್ರಶ್ನೆಗಷ್ಟೇ ಉತ್ತರಿಸಿತು. ದೀಪದ ಟೆಸ್ಟರ್ ಒಂದೊಂದೇ ಪಿನ್‌ಗೆ ವಿದ್ಯುತ್ ಕೊಟ್ಟು, ಆಚೆ ತುದಿಯಲ್ಲಿ ಅದು ಯಾವ ಪಿನ್‌ನಲ್ಲಿ ಹೊರಬಂತು ಎಂದು ತೋರಿಸುತ್ತದೆ. 3ರಿಂದ ಹೊರಟದ್ದು 3ಕ್ಕೇ ಬಂದರೆ ಅದರ ಪಾಲಿಗೆ ಎಲ್ಲವೂ ಸರಿ. ಆ ತಂತಿ ಹಾದಿಯುದ್ದಕ್ಕೂ ಯಾವ ತಂತಿಯೊಂದಿಗೆ ಹುರಿಗೊಂಡಿತ್ತು ಎಂಬುದು ಅದಕ್ಕೆ ಕಾಣಿಸುವುದಿಲ್ಲ. ತುಂಡಾದ ತಂತಿ, ಅದಲುಬದಲಾದ ತಂತಿ, ಒಂದಕ್ಕೊಂದು ತಗುಲಿದ ತಂತಿ, ಇಷ್ಟನ್ನು ಹಿಡಿಯಲು ಅದು ಸಾಕು. ಸ್ಪ್ಲಿಟ್ ಪೇರ್ ಹಿಡಿಯಲು ಜೋಡಿಗಳ ನಡುವಿನ ಕ್ರಾಸ್‌ಟಾಕ್ ಅಳೆಯುವ ಉಪಕರಣ ಬೇಕು. ಅದು ಇಲ್ಲದವರಿಗೆ ಕಣ್ಣೇ ಗತಿ, ಮತ್ತು ಈ ತಪ್ಪಿಗೆ ಕಣ್ಣು ಸಾಕಾಗುತ್ತದೆ.

ಪ್ಲಗ್‌ನ ಕ್ಲಿಪ್ ನಿಮ್ಮಿಂದ ಆಚೆಗೆ, ಹೊಳೆಯುವ ಲೋಹದ ಅಲಗುಗಳು ನಿಮ್ಮ ಕಡೆಗೆ ಮತ್ತು ಮೇಲಕ್ಕೆ, ಕೇಬಲ್ ಕೆಳಕ್ಕೆ ಬರುವಂತೆ ಹಿಡಿದರೆ ಎಡತುದಿಯದು 1ನೇ ಪಿನ್. ನಡುವಿನ ಎರಡು ತಂತಿಗಳು ನೀಲಿ ಮತ್ತು ಬಿಳಿ-ನೀಲಿ ಆಗಿವೆಯೇ, ಅವುಗಳ ಎರಡು ಬದಿಯಲ್ಲಿ ಒಂದೇ ಬಣ್ಣದ ಜೋಡಿ ಹಂಚಿಕೊಂಡು ನಿಂತಿದೆಯೇ ಎಂದು ನೋಡಿ. ನಿಮ್ಮದರಲ್ಲಿ ನಡುವೆ ಹಸಿರು ಮತ್ತು ಬಿಳಿ-ನೀಲಿ ಕಾಣುತ್ತವೆ. ರೋಗ ಅಲ್ಲಿಯೇ ಇದೆ. ಹಾಗೆಯೇ ಎಂಟೂ ತಂತಿಗಳ ತಾಮ್ರದ ತುದಿಗಳು ಪ್ಲಗ್‌ನ ಮುಂಭಾಗದವರೆಗೆ ತಲುಪಿರುವುದು ಪಾರದರ್ಶಕ ಪ್ಲಾಸ್ಟಿಕ್‌ನ ಮೂಲಕ ಕಾಣಬೇಕು, ಹೊರಕವಚ ಪ್ಲಗ್‌ನ ಒಳಗೆ ಹೋಗಿ ಹಿಂದಿನ ಹಲ್ಲಿಗೆ ಸಿಕ್ಕಿರಬೇಕು. ಹುರಿ ಬಿಚ್ಚಿದ ಭಾಗ 13 ಮಿಲಿಮೀಟರ್ ಮೀರಬಾರದು. ಬೆರಳಿಗೆ ಅನುಕೂಲವಾಗಲೆಂದು ಐದು ಸೆಂಟಿಮೀಟರ್ ಬಿಚ್ಚಿ, ಮುಂಭಾಗವನ್ನು ಕತ್ತರಿಸದೆ ಹಾಗೆಯೇ ತುರುಕುವವರನ್ನು ನಾನು ಕಂಡಿದ್ದೇನೆ. ಅಂಥ ಪ್ಲಗ್ ಹೊರಗೆ ಬಣ್ಣಬಣ್ಣದ ಗಡ್ಡ ಬಿಟ್ಟುಕೊಂಡಿರುತ್ತದೆ.

ನಿಮ್ಮ ಕೇಬಲ್ ಸರಿಪಡಿಸಲು ಎರಡೂ ಪ್ಲಗ್‌ಗಳನ್ನು ಕತ್ತರಿಸಿ ಹೊಸದಾಗಿ ಹಾಕಬೇಕು. ಒಂದನ್ನು ಮಾತ್ರ ಬದಲಾಯಿಸಿದರೆ ಟೆಸ್ಟರ್‌ನ ದೂರದ ಭಾಗ 1, 2, 3, 6, 5, 4, 7, 8 ಎಂದು ಮಿನುಗುತ್ತದೆ. ಆಗ ನೀವು ಹೊಸ ಪ್ಲಗ್ಗೇ ತಪ್ಪು ಎಂದು ಭಾವಿಸಿ, ಸರಿಯಾದುದನ್ನು ಮತ್ತೆ ಹಳೆಯ ಕ್ರಮಕ್ಕೆ ಕೆಡಿಸುವ ಅಪಾಯ ದೊಡ್ಡದು. ಟೆಸ್ಟರ್ ಹಾಕುವ ಮೊದಲು ಕೇಬಲ್‌ನ ಎರಡೂ ತುದಿಗಳನ್ನು ಉಪಕರಣಗಳಿಂದ ಬಿಡಿಸಿರಿ. ಕೇಬಲ್ ಮೂಲಕವೇ ವಿದ್ಯುತ್ ಕೊಡುವ ಸ್ವಿಚ್‌ಗೆ ಸಿಕ್ಕಿಸಿದ ಅಗ್ಗದ ಟೆಸ್ಟರ್ ಸುಟ್ಟುಹೋದರೆ ನನ್ನನ್ನು ಕೇಳಬೇಡಿ.

ಆಮೇಲಷ್ಟೇ ಸ್ವಿಚ್‌ಗೆ ಹಾಕಿ. ಮೊದಲು ಲಿಂಕ್ ಎಷ್ಟರಲ್ಲಿ ನಿಂತಿದೆ ಎಂದು ನೋಡಬೇಕು. ಲಿನಕ್ಸ್ ಯಂತ್ರದಲ್ಲಾದರೆ ಈ ಎರಡು ಸಾಲು ಸಾಕು. `eth0` ಇರುವಲ್ಲಿ ನಿಮ್ಮ ಇಂಟರ್‌ಫೇಸ್‌ನ ಹೆಸರು ಹಾಕಿಕೊಳ್ಳಿ.

```
ethtool eth0
ethtool -S eth0 | grep -i crc
```

ಮೊದಲನೆಯದರಲ್ಲಿ `Speed: 1000Mb/s` ಬರಬೇಕು. ಎರಡು ಬದಿಯೂ ಗಿಗಾಬಿಟ್ ಆಗಿದ್ದು `100Mb/s` ಬಂದರೆ ಕೇಬಲ್ ಮೇಲೆ ಅನುಮಾನ ಪಡಿ: 100ಕ್ಕೆ 1, 2, 3, 6 ಪಿನ್‌ಗಳಷ್ಟೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ತಂತಿ ತುಂಡಾಗಿದ್ದರೂ ಅನೇಕ ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಎರಡನೆಯ ಸಾಲು ತೋರುವ ಸಿಆರ್‌ಸಿ ದೋಷಗಳ ಎಣಿಕೆಯನ್ನು ಬರೆದಿಟ್ಟುಕೊಂಡು, ಕೆಲವು ಗಿಗಾಬೈಟ್‌ಗಳ ಫೈಲ್ ಒಂದನ್ನು ಎರಡೂ ದಿಕ್ಕಿಗೆ ಕಳಿಸಿ, ಮತ್ತೆ ನೋಡಿ. ಕೆಟ್ಟ ಫ್ರೇಮ್ ಎಣಿಕೆಯಾಗುವುದು ಅದನ್ನು ಸ್ವೀಕರಿಸಿದ ಕಡೆ. ಆದ್ದರಿಂದ ಸ್ವಿಚ್ ಎಣಿಕೆ ತೋರಿಸುವಂಥದ್ದಾದರೆ ಆ ಪೋರ್ಟ್‌ನದನ್ನೂ ನೋಡಬೇಕು. ಎಣಿಕೆ ಏರುತ್ತಾ ಹೋದರೆ ಕೇಬಲ್ ಇನ್ನೂ ಸರಿಯಾಗಿಲ್ಲ. ಬರೀ ಪಿಂಗ್ ಮಾಡಿ ಸಮಾಧಾನಪಡಬೇಡಿ. ಪಿಂಗ್‌ನ ಚಿಕ್ಕ ಪೊಟ್ಟಣಗಳು ಕೆಟ್ಟ ಕೇಬಲ್‌ನಲ್ಲೂ ನುಸುಳಿಬಿಡುತ್ತವೆ, ಉದ್ದ ಫ್ರೇಮ್‌ಗಳು ಮಾತ್ರ ಹಾದಿಯಲ್ಲಿ ಕೆಡುತ್ತವೆ.

ಇಷ್ಟಾದರೂ ಸ್ವಿಚ್ ಮೇಲೆಯೇ ಕಣ್ಣಿದ್ದರೆ, ಅದೇ ಪೋರ್ಟ್‌ಗೆ ಕಾರ್ಖಾನೆಯಲ್ಲೇ ತಯಾರಾದ, ಕೆಲಸ ಮಾಡುತ್ತಿರುವ ಕೇಬಲ್ ಹಾಕಿ ನೋಡಿ. ಬಳಿಕ ನಿಮ್ಮ ಕೇಬಲ್ ಅನ್ನು ಬೇರೆ ಪೋರ್ಟ್‌ಗೆ ಹಾಕಿ ನೋಡಿ. ದೋಷ ಕೇಬಲ್‌ನ ಜೊತೆ ನಡೆದರೆ ಕೇಬಲ್‌ನದು, ಪೋರ್ಟ್‌ನಲ್ಲೇ ಉಳಿದರೆ ಸ್ವಿಚ್‌ನದು. ಈ ಅದಲುಬದಲಿಗೆ ಐದು ನಿಮಿಷ ಬೇಕು. ನಾನು ವೃತ್ತಿಯ ಮೊದಲ ವರ್ಷದಲ್ಲಿ ಆ ಐದು ನಿಮಿಷ ಉಳಿಸಲು ಹೋಗಿ ಚೆನ್ನಾಗಿದ್ದ ಸ್ವಿಚ್ ಒಂದನ್ನು ಕಳಚಿ ಹೊಸದನ್ನು ಕೂರಿಸಿದೆ. ಹೊಸದರಲ್ಲೂ ಅದೇ ತೊಂದರೆ ಬಂದಾಗ ಕೈಗೆತ್ತಿಕೊಂಡು ನೋಡಿದ್ದು ನಾನೇ ಹಾಕಿದ್ದ ಪ್ಲಗ್. ಅದರ ಒಂದು ಅಲಗು ಪೂರ್ತಿ ಕೆಳಗೆ ಕೂತಿರಲಿಲ್ಲ. ಅಂದಿನಿಂದ ಪ್ರತಿ ಪ್ಲಗ್‌ನ ಅಲಗುಗಳ ಮೇಲೆ ಉಗುರು ಆಡಿಸದೆ ಮುಂದೆ ಹೋಗುವುದಿಲ್ಲ.

ಪ್ರಶ್ನೆ: ಎರಡು ಕಂಪ್ಯೂಟರ್‌ಗಳನ್ನು ನೇರವಾಗಿ ಜೋಡಿಸಲು ಕ್ರಾಸ್‌ಓವರ್ ಕೇಬಲ್ಲೇ ಬೇಕೇ? ಸ್ಟ್ರೈಟ್ ಹಾಕಿದರೆ ವೇಗ ಕಡಿಮೆಯಾಗುತ್ತದೆಯೇ?

ಉತ್ತರ: ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. 100 ಮೆಗಾಬಿಟ್ ಕಾಲದ ಕಂಪ್ಯೂಟರ್ 1-2ರಲ್ಲಿ ಮಾತಾಡಿ 3-6ರಲ್ಲಿ ಕೇಳಿಸಿಕೊಳ್ಳುತ್ತಿತ್ತು, ಸ್ವಿಚ್ ಅದಕ್ಕೆ ತಿರುಗುಮುರುಗು. ಹಾಗಾಗಿ ಕಂಪ್ಯೂಟರ್‌ನಿಂದ ಸ್ವಿಚ್‌ಗೆ ಸ್ಟ್ರೈಟ್ ಸಾಕಿತ್ತು, ಒಂದೇ ಜಾತಿಯ ಎರಡು ಉಪಕರಣಗಳ ನಡುವೆ ಒಂದು ತುದಿ ಟಿ568ಎ, ಇನ್ನೊಂದು ತುದಿ ಟಿ568ಬಿ ಇರುವ ಕ್ರಾಸ್‌ಓವರ್ ಬೇಕಾಗಿತ್ತು. ಈಗಿನ ಗಿಗಾಬಿಟ್ ಪೋರ್ಟ್‌ಗಳು ಆಟೊ ಎಂಡಿಐ-ಎಕ್ಸ್ ಮೂಲಕ ತಾವೇ ತಿರುವಿಕೊಳ್ಳುತ್ತವೆ, ಮತ್ತು ಎರಡರಲ್ಲಿ ಒಂದು ಬದಿಗೆ ಆ ಗುಣವಿದ್ದರೂ ಸಾಕು. ಹಳೆಯ ಉಪಕರಣಗಳೆರಡನ್ನು ಜೋಡಿಸುವಾಗ, ಇಲ್ಲವೇ ಯಾರೋ ವೇಗವನ್ನು ಕೈಯಾರೆ ಬಿಗಿದು ಅದರೊಂದಿಗೆ ಈ ಸೌಲಭ್ಯವೂ ನಿಂತುಹೋದಾಗ ಮಾತ್ರ ಕ್ರಾಸ್‌ಓವರ್ ನೆನಪಿಸಿಕೊಳ್ಳಿ. ಗುರುತು ಸುಲಭ: ಕೇಬಲ್‌ನ ಜಾತಿ ತಪ್ಪಿದರೆ ಲಿಂಕ್ ದೀಪವೇ ಹೊತ್ತುವುದಿಲ್ಲ. ದೀಪ ಹೊತ್ತಿ ವೇಗ ಕುಂಟುತ್ತಿದ್ದರೆ ಕ್ರಾಸ್‌ಓವರ್ ಮಾಡಿ ಪ್ರಯೋಜನವಿಲ್ಲ. ಅಂದಹಾಗೆ, ಕ್ರಾಸ್‌ಓವರ್ ಕೇಬಲ್‌ನಲ್ಲಿ ಟೆಸ್ಟರ್ 3, 6, 1, 4, 5, 2, 7, 8 ಎಂದು ಮಿನುಗುವುದು ಸರಿಯೇ, ಅದನ್ನು ಕೆಟ್ಟದ್ದೆಂದು ಎಸೆಯಬೇಡಿ.

ಪ್ರಶ್ನೆ: ಟಿ568ಎ ಮತ್ತು ಟಿ568ಬಿ, ಯಾವುದು ಹೆಚ್ಚು ವೇಗ?

ಉತ್ತರ: ಎರಡೂ ಒಂದೇ, ಕಿತ್ತಳೆ ಮತ್ತು ಹಸಿರು ಜೋಡಿಗಳು ಸ್ಥಳ ಬದಲಿಸಿವೆ, ಅಷ್ಟೆ.

ಪ್ರಶ್ನೆ: ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, "ತಾಮ್ರದಷ್ಟೇ ಚೆನ್ನ" ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಹಾಗೆನ್ನುವವರು ಮಾರುವವರು, ಅದರ ತಂತಿ ಕ್ರಿಂಪ್ ಮಾಡುವಾಗಲೇ ಮುರಿಯುತ್ತದೆ, ವಿದ್ಯುತ್ ಹರಿಸಿದರೆ ತಾಮ್ರಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಕೊಳ್ಳಬೇಡಿ.

ಪ್ರಶ್ನೆ: ಒಂದು ಕೇಬಲ್‌ನ ಉಳಿದ ನಾಲ್ಕು ತಂತಿಗಳಲ್ಲಿ ಇನ್ನೊಂದು ಕಂಪ್ಯೂಟರ್‌ಗೂ ಸಂಪರ್ಕ ಕೊಡಬಹುದಲ್ಲವೇ?

ಉತ್ತರ: ಕೊಡಬಹುದು, ಎರಡೂ 100ರಲ್ಲೇ ಉಳಿಯುತ್ತವೆ, ಆಮೇಲೆ ಗಿಗಾಬಿಟ್ ಏಕೆ ಬರುತ್ತಿಲ್ಲ ಎಂದು ನನಗೆ ಬರೆಯಬೇಡಿ.